ಹೊರಡುವ ಮೊದಲೇ ತಲುಪುವ ವಿಮಾನ: ಪ್ರಯಾಣದ ನಿಜವಾದ ಅವಧಿ ತಿಳಿಯುವುದು ಹೇಗೆ?

ಪ್ರಶ್ನೆ: ಜುಲೈನಲ್ಲಿ ಟೋಕಿಯೋದಿಂದ ಲಾಸ್ ಏಂಜಲೀಸ್‌ಗೆ ನೇರ ವಿಮಾನ ಬುಕ್ ಮಾಡಿದ್ದೇನೆ. ಸೋಮವಾರ ಸಂಜೆ 5ಕ್ಕೆ ಹೊರಟು ಅದೇ ಸೋಮವಾರ ಬೆಳಿಗ್ಗೆ 11ಕ್ಕೆ ತಲುಪುತ್ತದೆ ಅಂತ ಟಿಕೆಟ್‌ನಲ್ಲಿದೆ. ಕಳೆದು ನೋಡಿದರೆ ಮೈನಸ್ 6 ಗಂಟೆ ಬರುತ್ತದೆ! ನಿಜವಾಗಿ ಎಷ್ಟು ಹೊತ್ತು ಕೂರಬೇಕು? ಎರಡು ಊರುಗಳ ಸಮಯದ ಅಂತರವನ್ನು ಕೂಡಬೇಕೋ ಕಳೆಯಬೇಕೋ ಅನ್ನುವುದು ಪ್ರತಿ ಸಲವೂ ಗೊಂದಲ.

ಉತ್ತರ: ಹತ್ತು ಗಂಟೆ.

ಕೂಡಬೇಕೋ ಕಳೆಯಬೇಕೋ ಎಂಬ ಗೊಂದಲ ಹೋಗಬೇಕಾದರೆ ಎರಡು ಊರುಗಳ ಅಂತರವನ್ನು ಲೆಕ್ಕಕ್ಕೆ ತರಲೇಬೇಡಿ. ಎರಡೂ ಸಮಯಗಳನ್ನು ಬೇರೆ ಬೇರೆಯಾಗಿ ಯುಟಿಸಿಗೆ, ಅಂದರೆ ಇಡೀ ಜಗತ್ತಿಗೆ ಒಂದೇ ಆಗಿರುವ ಮೂಲ ಸಮಯಕ್ಕೆ, ತಂದು ಆಮೇಲೆ ಕಳೆಯಿರಿ. ಟೋಕಿಯೋ ಯುಟಿಸಿಗಿಂತ 9 ಗಂಟೆ ಮುಂದಿದೆ. ಆದ್ದರಿಂದ ಸಂಜೆ 5, ಅಂದರೆ 17:00ರಿಂದ 9 ಕಳೆದರೆ ಸೋಮವಾರ 08:00 ಯುಟಿಸಿ. ಲಾಸ್ ಏಂಜಲೀಸ್ ಜುಲೈನಲ್ಲಿ ಯುಟಿಸಿಗಿಂತ 7 ಗಂಟೆ ಹಿಂದಿರುತ್ತದೆ. ಹಿಂದಿರುವ ಊರಿಗೆ ಕೂಡಬೇಕು: 11:00ಕ್ಕೆ 7 ಸೇರಿಸಿದರೆ ಸೋಮವಾರ 18:00 ಯುಟಿಸಿ. ಹದಿನೆಂಟರಲ್ಲಿ ಎಂಟು ಹೋದರೆ ಹತ್ತು. ನೆನಪಿಡಬೇಕಾದ ನಿಯಮ ಇಷ್ಟೇ: ಮುಂದಿರುವ ಊರಿನ ಸಮಯದಿಂದ ಕಳೆಯಿರಿ, ಹಿಂದಿರುವ ಊರಿನ ಸಮಯಕ್ಕೆ ಕೂಡಿ. ವಿಮಾನ ಯಾವ ದಿಕ್ಕಿಗೆ ಹಾರಿದರೂ ಇದು ಬದಲಾಗುವುದಿಲ್ಲ.

ಹಿಂತಿರುಗುವ ಪ್ರಯಾಣಕ್ಕೂ ಇದೇ ದಾರಿ. ಲಾಸ್ ಏಂಜಲೀಸ್‌ನಿಂದ ಸೋಮವಾರ 13:00ಕ್ಕೆ ಹೊರಟು ಟೋಕಿಯೋಗೆ ಮಂಗಳವಾರ 16:30ಕ್ಕೆ ಬರುತ್ತದೆ ಅಂದುಕೊಳ್ಳಿ. ಹೊರಟದ್ದು ಸೋಮವಾರ 20:00 ಯುಟಿಸಿ, ಇಳಿದದ್ದು ಮಂಗಳವಾರ 07:30 ಯುಟಿಸಿ, ನಡುವೆ ಹನ್ನೊಂದೂವರೆ ಗಂಟೆ. ಹೋಗುವಾಗಿಗಿಂತ ಬರುವಾಗ ಹೆಚ್ಚು ಹೊತ್ತು ಹಿಡಿದದ್ದು ಲೆಕ್ಕದ ತಪ್ಪಲ್ಲ. ಆ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವುದರಿಂದ ಪೂರ್ವಕ್ಕೆ ಹೋಗುವ ವಿಮಾನಕ್ಕೆ ಅದು ಹಿಂದಿನಿಂದ ತಳ್ಳು ಕೊಡುತ್ತದೆ, ಪಶ್ಚಿಮಕ್ಕೆ ಹೋಗುವಾಗ ಎದುರಾಗುತ್ತದೆ.

ಇನ್ನು ದಿನಾಂಕ ರೇಖೆಯ ವಿಚಾರ. ಅದನ್ನು ದಾಟಿದಾಗ ಒಂದು ದಿನ ಕೂಡಬೇಕಾ ಬಿಡಬೇಕಾ ಎಂದು ತಲೆಕೆಡಿಸಿಕೊಳ್ಳುವವರು ಬಹಳ. ಯುಟಿಸಿಗೆ ತಂದ ಮೇಲೆ ಆ ರೇಖೆಯೇ ಲೆಕ್ಕದಲ್ಲಿ ಉಳಿಯುವುದಿಲ್ಲ. ನಿಲ್ಲದೆ ಹಾರುವ ಅತಿ ಉದ್ದದ ನಿಗದಿತ ಪ್ರಯಾಣಗಳೂ 19 ಗಂಟೆಯ ಆಸುಪಾಸಿನಲ್ಲೇ ಮುಗಿಯುತ್ತವೆ. ಹಾಗಾಗಿ ನೇರ ವಿಮಾನವಾದರೆ ತಾರೀಕನ್ನು ಪೂರ್ತಿ ಮರೆತು ಗಂಟೆಗಳನ್ನಷ್ಟೇ ಕಳೆದರೂ ನಡೆಯುತ್ತದೆ. ಉತ್ತರ ಮೈನಸ್ ಬಂದರೆ 24 ಕೂಡಿ, 24 ದಾಟಿದರೆ 24 ಕಳೆಯಿರಿ. ಮೇಲಿನ ಹಿಂತಿರುಗುವ ಪ್ರಯಾಣದಲ್ಲಿ 7:30ರಿಂದ 20:00 ಕಳೆದರೆ ಮೈನಸ್ ಹನ್ನೆರಡೂವರೆ. 24 ಕೂಡಿದರೆ ಅದೇ ಹನ್ನೊಂದೂವರೆ.

ನಿಜವಾಗಿ ಎಡವುವುದು ಬೇರೆ ಕಡೆ. ಲಾಸ್ ಏಂಜಲೀಸ್‌ಗೆ ‘ಜುಲೈನಲ್ಲಿ’ 7 ಗಂಟೆ ಎಂದು ಬರೆದದ್ದನ್ನು ಗಮನಿಸಿ. ಚಳಿಗಾಲದಲ್ಲಿ ಅದು 8. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಪದ್ಧತಿ ಇರುವ ಊರುಗಳಿಗೆ ವರ್ಷಪೂರ್ತಿ ಒಂದೇ ಸಂಖ್ಯೆ ಇಲ್ಲ, ಗಡಿಯಾರ ಬದಲಾಗುವ ದಿನವೂ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಬದಲಾದರೆ ಬ್ರಿಟನ್‌ನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ನ್ಯೂಯಾರ್ಕ್‌ಗೂ ಲಂಡನ್‌ಗೂ 5 ಗಂಟೆ ಅಂತರ ಎಂದು ಬಾಯಿಪಾಠ ಮಾಡಿಕೊಂಡವರಿಗೆ ಆ ನಡುವಿನ ವಾರಗಳಲ್ಲಿ ಲೆಕ್ಕ ತಪ್ಪುತ್ತದೆ, ಏಕೆಂದರೆ ಆಗ ಅಂತರ ನಾಲ್ಕೇ ಗಂಟೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ವಿಮಾನ ಆಕಾಶದಲ್ಲಿರುವಾಗಲೇ ಗಡಿಯಾರ ಬದಲಾಗುವ ರಾತ್ರಿ. 2025ರ ಮಾರ್ಚ್ 8ರ ಶನಿವಾರ ರಾತ್ರಿ 22:30ಕ್ಕೆ ಲಾಸ್ ಏಂಜಲೀಸ್ ಬಿಟ್ಟು ಭಾನುವಾರ ಬೆಳಿಗ್ಗೆ 7:45ಕ್ಕೆ ನ್ಯೂಯಾರ್ಕ್ ಸೇರುವ ವಿಮಾನವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಈ ಎರಡು ಊರುಗಳ ನಡುವೆ 3 ಗಂಟೆ ಅಂತರ ಎಂಬುದು ಎಲ್ಲರಿಗೂ ಗೊತ್ತು. 22:30ರಿಂದ 7:45ಕ್ಕೆ ಒಂಬತ್ತೂಕಾಲು ಗಂಟೆ, ಮೂರು ಕಳೆದರೆ ಆರೂಕಾಲು. ಈ ಉತ್ತರ ತಪ್ಪು. ಹೊರಟಾಗ ಲಾಸ್ ಏಂಜಲೀಸ್ ಇನ್ನೂ ಚಳಿಗಾಲದ ಸಮಯದಲ್ಲಿತ್ತು, ಯುಟಿಸಿಗಿಂತ 8 ಗಂಟೆ ಹಿಂದೆ; ಹೊರಟದ್ದು ಭಾನುವಾರ 06:30 ಯುಟಿಸಿ. ವಿಮಾನ ಇಳಿಯುವ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ರಾತ್ರಿ 2 ಗಂಟೆಯ ಗಡಿಯಾರ ನೇರ 3ಕ್ಕೆ ಹಾರಿ ಆಗಿತ್ತು, ಅದು ಈಗ ಯುಟಿಸಿಗಿಂತ 4 ಗಂಟೆ ಮಾತ್ರ ಹಿಂದೆ. ಇಳಿದದ್ದು 11:45 ಯುಟಿಸಿ. ಹಾರಾಟ ಐದೂಕಾಲು ಗಂಟೆ. ಹಿಂದಿನ ರಾತ್ರಿ ಇದೇ ಹೊತ್ತಿಗೆ ಹೊರಟು ಇಷ್ಟೇ ಸಮಯ ಹಾರಿದ ವಿಮಾನ 6:45ಕ್ಕೆ ತಲುಪಿರುತ್ತಿತ್ತು.

ಎರಡು ಊರುಗಳ ಅಂತರವನ್ನು ನಂಬಬೇಡಿ ಎಂದದ್ದು ಇದಕ್ಕೇ. ಹೊರಡುವ ಊರಿಗೆ ಹೊರಡುವ ಕ್ಷಣದ ಸಂಖ್ಯೆ, ತಲುಪುವ ಊರಿಗೆ ತಲುಪುವ ಕ್ಷಣದ ಸಂಖ್ಯೆ ಹಿಡಿಯಬೇಕು. ಅಮೆರಿಕದಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಹಿಂದೆ ಹೋಗುವ ರಾತ್ರಿ ಇನ್ನೊಂದು ತೊಡಕಿದೆ: ಅಲ್ಲಿ 1ರಿಂದ 2ರವರೆಗಿನ ಗಂಟೆ ಎರಡು ಸಲ ಬರುತ್ತದೆ. ಟಿಕೆಟ್‌ನಲ್ಲಿ 1:30 ಎಂದಿದ್ದರೆ ಅದು ಮೊದಲನೆಯದೋ ಎರಡನೆಯದೋ ಎಂದು ಸಮಯ ನೋಡಿ ಹೇಳಲಾಗದು, ವಿಮಾನಯಾನ ಸಂಸ್ಥೆಯನ್ನೇ ಕೇಳಬೇಕು.

ಉತ್ತರ ಸರಿಯಿದೆಯೇ ಎಂದು ನೋಡಲು ದೂರವನ್ನು ಗಂಟೆಗಳಿಂದ ಭಾಗಿಸಿ. ಟೋಕಿಯೋದಿಂದ ಲಾಸ್ ಏಂಜಲೀಸ್‌ಗೆ ಸುಮಾರು 8,800 ಕಿ.ಮೀ.; ಹತ್ತು ಗಂಟೆಗೆ ಗಂಟೆಗೆ 880 ಕಿ.ಮೀ. ಬರುತ್ತದೆ, ಜೆಟ್ ವಿಮಾನಕ್ಕೆ ಒಪ್ಪುವ ವೇಗ. ಕೂಡುವ ಕಡೆ ಕಳೆದು, ಕಳೆಯುವ ಕಡೆ ಕೂಡಿದ್ದರೆ ಇದೇ ಪ್ರಯಾಣಕ್ಕೆ 2 ಗಂಟೆ ಎಂದು ಬರುತ್ತಿತ್ತು, ಆಗ ವೇಗ 4,400 ಕಿ.ಮೀ. ಅಂಥ ತಪ್ಪು ಕಣ್ಣಿಗೆ ರಾಚುತ್ತದೆ. ಆದರೆ ಒಂದು ಗಂಟೆಯ ತಪ್ಪನ್ನು ಈ ಪರೀಕ್ಷೆ ಹಿಡಿಯಲಾರದು, ಅದಕ್ಕೆ ಕ್ಯಾಲೆಂಡರ್ ನೋಡುವುದೊಂದೇ ದಾರಿ.

ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವವರು ಹೊರಡುವ ಸಮಯವನ್ನು A2ನಲ್ಲಿ, ಆ ಊರಿನ ಯುಟಿಸಿ ಸಂಖ್ಯೆಯನ್ನು B2ನಲ್ಲಿ, ತಲುಪುವ ಸಮಯವನ್ನು C2ನಲ್ಲಿ, ಅಲ್ಲಿನ ಸಂಖ್ಯೆಯನ್ನು D2ನಲ್ಲಿ ಹಾಕಿ, ಉತ್ತರದ ಕೋಶಕ್ಕೆ ಗಂಟೆ-ನಿಮಿಷದ ರೂಪ ಕೊಡಿ:

```
=MOD((C2-D2/24)-(A2-B2/24),1)
```

ನಿಮ್ಮ ಪ್ರಯಾಣಕ್ಕೆ B2ನಲ್ಲಿ 9, D2ನಲ್ಲಿ -7. ಕಠ್ಮಂಡುವಿನಂತೆ 5 ಗಂಟೆ 45 ನಿಮಿಷ ಮುಂದಿರುವ ಊರಿಗೆ 5.45 ಎಂದು ಹಾಕಬೇಡಿ, ಹದಿನೆಂಟು ನಿಮಿಷ ಹೆಚ್ಚುಕಮ್ಮಿಯಾಗುತ್ತದೆ, 5.75 ಹಾಕಿ. ತಾರೀಕಿಲ್ಲದ ಈ ಸೂತ್ರ ನೇರ ವಿಮಾನಕ್ಕೆ ಮಾತ್ರ. ನಡುವೆ ವಿಮಾನ ಬದಲಿಸುವ ಪ್ರಯಾಣದ ಒಟ್ಟು ಅವಧಿ 24 ಗಂಟೆ ಮೀರಬಹುದು, ಅಲ್ಲಿ ತಾರೀಕು ಸಮೇತ ಬರೆದು MOD ಬಿಟ್ಟು ಕಳೆಯಬೇಕು. ಅಂದಹಾಗೆ, ಟಿಕೆಟ್‌ನ ಸಮಯಗಳು ವಿಮಾನ ಗೇಟ್ ಬಿಡುವ ಮತ್ತು ಗೇಟ್ ಸೇರುವ ಸಮಯಗಳು. ರನ್‌ವೇ ತನಕ ಸಾಗುವುದು, ಸರದಿಗೆ ಕಾಯುವುದು ಎಲ್ಲವೂ ನಿಮ್ಮ ಹತ್ತು ಗಂಟೆಯೊಳಗೇ ಸೇರಿದೆ, ಗಾಳಿಯಲ್ಲಿರುವುದು ಅದಕ್ಕಿಂತ ಕಡಿಮೆ ಹೊತ್ತು.