ಲೈನ್ ಏಜೆನ್ಸಿ, ಸ್ಟಾಫ್ ಏಜೆನ್ಸಿ: ಬೈತಖೋಲ ಬಂದರಿನಿಂದ ನೋಡಿದರೆ

ಪ್ರಶ್ನೆ: ಲೈನ್ ಏಜೆನ್ಸಿಗೂ ಸ್ಟಾಫ್ ಏಜೆನ್ಸಿಗೂ ಏನು ವ್ಯತ್ಯಾಸ? ಎರಡೂ ಸರ್ಕಾರಿ ಇಲಾಖೆಗಳೇ ಅಲ್ವಾ?

ಇಲಾಖೆಗಳೇ ಹೌದು, ಕೆಲಸ ಬೇರೆ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳ ನೋಂದಣಿ ನೋಡುವುದು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗಿಳಿಯದಂತೆ ತಡೆಯುವುದು ಮೀನುಗಾರಿಕೆ ಇಲಾಖೆ. ಜನರ ಜೊತೆ ನೇರ ವ್ಯವಹಾರ, ಆದೇಶ ಕೊಡುವ ಅಧಿಕಾರ ಎರಡೂ ಅದಕ್ಕಿವೆ. ಇದು ಲೈನ್. ಲೋಕೋಪಯೋಗಿ, ಆರೋಗ್ಯ ಇಲಾಖೆಗಳೂ ಹಾಗೆಯೇ.

ಈಗ ದೋಣಿಗಳಿಗೆ ಕೊಡುವ ಕರರಹಿತ ಡೀಸೆಲ್ ಪ್ರಮಾಣ ಹೆಚ್ಚಿಸಬೇಕು ಅಂದುಕೊಳ್ಳಿ. ಮೀನುಗಾರಿಕೆ ಇಲಾಖೆ ಪ್ರಸ್ತಾವ ಬರೆಯುತ್ತದೆ. ಕಡತ ಬೆಂಗಳೂರಿನ ಆರ್ಥಿಕ ಇಲಾಖೆಗೆ ಹೋಗುತ್ತದೆ. ಅದು ಲೆಕ್ಕ ನೋಡಿ ಅಭಿಪ್ರಾಯ ಬರೆದು ವಾಪಸ್ ಕಳಿಸುತ್ತದೆ. ಆದೇಶ ಮಾತ್ರ ಮೀನುಗಾರಿಕೆ ಇಲಾಖೆಯ ಹೆಸರಿನಲ್ಲೇ ಹೊರಡುತ್ತದೆ. ಇಲ್ಲಿ ಆರ್ಥಿಕ ಇಲಾಖೆಯದು ಸ್ಟಾಫ್ ಪಾತ್ರ. ದೆಹಲಿಯಲ್ಲಿ 2015ರಲ್ಲಿ ಬಂದ ನೀತಿ ಆಯೋಗವೂ ಸಲಹೆಯದ್ದೇ.

ಇಂಥ ಸರ್ಕಾರಿ ಆದೇಶಗಳ ಕೊನೆಯಲ್ಲಿ ‘ಆರ್ಥಿಕ ಇಲಾಖೆಯ ಸಹಮತಿ’ ಅಂತ ಟಿಪ್ಪಣಿ ಸಂಖ್ಯೆ ಸಮೇತ ಒಂದು ಸಾಲು ಇರುತ್ತದೆ, ಗಮನಿಸಿ. ಪುಸ್ತಕದಲ್ಲಿ ‘ಸಲಹೆ ಮಾತ್ರ’ ಅಂತಾರೆ. ಆದರೆ ಆ ಸಹಮತಿ ಸಿಗದಿದ್ದರೆ ಕಡತ ಅಲ್ಲೇ ಕೂರುತ್ತದೆ. ಹಣದ ವಿಷಯದಲ್ಲಿ ಈ ಸಲಹೆಗೆ ಅಪ್ಪಣೆಯಷ್ಟೇ ತೂಕ. ಬೈಸಿಕೊಳ್ಳುವುದು ಮಾತ್ರ ಬಂದರಿನಲ್ಲಿರುವ ಅಧಿಕಾರಿ!