ಕುದುರೆ ಕೂರಿಸೋ ಮುಂಚೆ ಕಾವಲುಗಾರರನ್ನು ತೆಗೆಯಿರಿ

ಪ್ರಶ್ನೆ: ಚೆಸ್‌ನಲ್ಲಿ ನಾನು ಬಿಳಿಯಲ್ಲಿ ಆಡುವಾಗ d4 ಪಾನ್ ಬೆಂಬಲ ಇಟ್ಟುಕೊಂಡು ಕುದುರೆಯನ್ನು e5ಗೆ ಕೂರಿಸ್ತೀನಿ. ಎರಡು ಮೂರು ನಡೆಯಲ್ಲಿ ಎದುರಾಳಿ f6 ತಳ್ಳಿ ಓಡಿಸ್ತಾನೆ, ಇಲ್ಲಾಂದ್ರೆ ಹೊಡೆದು ಬದಲಾಯಿಸಿಕೊಳ್ತಾನೆ. ಕುದುರೆ ಅಲ್ಲೇ ನಿಲ್ಲೋ ಹಾಗೆ ಮಾಡೋದು ಹೇಗೆ?

ಉತ್ತರ: f7 ಪಾನ್ ಇನ್ನೂ ಜಾಗದಲ್ಲಿದೆ ಅಂದ್ರೆ ಅದು ಔಟ್‌ಪೋಸ್ಟ್ ಅಲ್ಲ, ಕುದುರೆ ಸುಮ್ನೆ ಹೋಗಿ ಬಂದ ಹಾಗೆ. ಔಟ್‌ಪೋಸ್ಟ್ ಅನ್ನಿಸಿಕೊಳ್ಳೋಕೆ ಒಂದು ಮನೆಯ ಪಕ್ಕದ ಎರಡು ಸಾಲುಗಳಲ್ಲಿ ಅದನ್ನು ಹೊಡೆಯಬಲ್ಲ ಎದುರಾಳಿ ಪಾನ್ ಇರಬಾರದು. ಇಷ್ಟು ಎಲ್ಲರಿಗೂ ಗೊತ್ತು. ಜಾಸ್ತಿ ಜನ ಮರೆಯೋದು ಎರಡನೇ ಲೆಕ್ಕವನ್ನ: ಆ ಮನೆಯನ್ನು ಕಾಯ್ತಿರೋ ಎದುರಾಳಿಯ ಕುದುರೆ, ಬಿಷಪ್ ಎಷ್ಟಿವೆ? ಅವು ಹೋಗೋವರೆಗೂ ಕುದುರೆ ಅಲ್ಲಿಗೆ ಹೋಗಬಾರದು.

ಇದನ್ನು ಕಲಿಯೋಕೆ ನಾನು ಯಾವಾಗಲೂ ತೋರಿಸೋದು 1945ರಲ್ಲಿ ಮಾಸ್ಕೋದಲ್ಲಿ ಸ್ಮಿಸ್ಲೊವ್ ಬಿಳಿಯಲ್ಲಿ ರುಡಕೊವ್‌ಸ್ಕಿ ವಿರುದ್ಧ ಆಡಿದ ಆಟ. ಸಿಸಿಲಿಯನ್. ಕಪ್ಪಿನ c ಪಾನ್ ಮೂರನೇ ನಡೆಯಲ್ಲೇ ಬದಲಾಗಿ ಹೋಯ್ತು. 11ನೇ ನಡೆಯಲ್ಲಿ ಕಪ್ಪು e5 ತಳ್ಳಿತು. ಅಲ್ಲಿಗೆ d5 ಮನೆಯನ್ನು ಕಾಯೋ ಪಾನ್ ಒಂದೂ ಉಳಿಯಲಿಲ್ಲ.

ಸ್ಮಿಸ್ಲೊವ್ ಕುದುರೆ c3ಯಲ್ಲೇ ಇತ್ತು, ಆದ್ರೂ ತಕ್ಷಣ ಹಾರಲಿಲ್ಲ. ಮೊದಲು f5 ತಳ್ಳಿ e6ನಲ್ಲಿದ್ದ ಬಿಷಪ್‌ಗೆ ಏಟು ಕೊಟ್ಟರು. ಅದು c4ಗೆ ಹೋಯ್ತು, ಅಲ್ಲೇ ಹೊಡೆದರು, ಕಪ್ಪು ರಾಣಿಯಿಂದ ವಾಪಸ್ ಹೊಡೆಯಿತು. d5 ಕಾಯುವ ಒಬ್ಬ ಕಾವಲುಗಾರ ಹೋದ. ಈಗ Nd5 ಆಡೋಣ ಅನ್ಸುತ್ತೆ, ಅಲ್ವಾ? ಆಡಿದ್ರೆ f6ನಲ್ಲಿರೋ ಕಪ್ಪು ಕುದುರೆ ಅದನ್ನ ಹೊಡೆಯುತ್ತೆ, ನೀವು e4 ಪಾನ್‌ನಿಂದ ವಾಪಸ್ ಹೊಡೀತೀರಿ, ಆ ಪಾನನ್ನು c4 ರಾಣಿ ಪುಕ್ಕಟೆಯಾಗಿ ತಿನ್ನುತ್ತೆ. ರಾಣಿ ಅಲ್ಲಿಲ್ಲ ಅಂತಾನೇ ಇಟ್ಟುಕೊಳ್ಳಿ, ಆಗಲೂ ನಿಮ್ಮದೇ ಪಾನ್ ನಿಮ್ಮ ಒಳ್ಳೆ ಮನೆಯಲ್ಲಿ ಕೂತು ದಾರಿ ಮುಚ್ಚುತ್ತೆ.

ಸ್ಮಿಸ್ಲೊವ್ ಆಡಿದ್ದು 15.Bg5. ಮುಂದಿನ ನಡೆಯಲ್ಲೇ ಬಿಷಪ್ ಕೊಟ್ಟು f6ನಲ್ಲಿದ್ದ ಕುದುರೆಯನ್ನು ತೆಗೆದರು. ಕಪ್ಪು ಬಿಷಪ್‌ನಿಂದ ವಾಪಸ್ ಹೊಡೆಯಿತು. ಆ ಬಿಷಪ್ ಓಡಾಡೋದು ಕಪ್ಪು ಮನೆಗಳಲ್ಲಿ, d5 ಬಿಳಿ ಮನೆ, ಹಾಗಾಗಿ ಅದಕ್ಕೆ ಈ ಕುದುರೆಯನ್ನು ಮುಟ್ಟೋಕೇ ಆಗಲ್ಲ. ಆಮೇಲೆ 17.Nd5. ಈಗ c7ಗೆ ಹಾರಿ ಎರಡೂ ಆನೆಗಳಿಗೆ ಒಟ್ಟಿಗೆ ಗುರಿಯಿಡೋ ಬೆದರಿಕೆ ಇದೆ, ಅದನ್ನ ತಡೆಯೋಕೆ ಕಪ್ಪು ಬಿಷಪ್ d8ಗೆ ಹಿಂದೆ ಸರಿಯಿತು.

ನಂತರದ ನಡೆಗಳು ನೋಡೋಕೆ ಸಪ್ಪೆ. c3 ಆಡಿ, ರಾಣಿಯ ಬಾಯಲ್ಲಿದ್ದ c2 ಪಾನನ್ನು ಸರಿಸಿದ್ದು. b3 ಆಡಿ ರಾಣಿಯನ್ನು ಓಡಿಸಿದ್ದು. ಆನೆ f3ಗೆ ಬಂದು c3ಯನ್ನೂ ಕಾಯಿತು, ರಾಜನ ಕಡೆ ದಾಳಿಗೂ ತಯಾರಾಯಿತು. ಕುದುರೆಗೆ ಅವಸರವೇ ಇಲ್ಲ, ಯಾರೂ ಅದನ್ನು ಓಡಿಸಲಾರರು. 22.f6, ಕಪ್ಪು ಹೊಡೆಯಿತು, ರಾಣಿ h4ಗೆ ಬಂತು, ಆಗ ಮಾತ್ರ ಕುದುರೆ d5 ಬಿಟ್ಟು f6 ಹೊಡೆದು h7ನಲ್ಲಿ ಮೇಟ್ ಬೆದರಿಕೆ ಹಾಕಿತು. 28ನೇ ನಡೆಗೆ ರುಡಕೊವ್‌ಸ್ಕಿ ಕೈಚೆಲ್ಲಿದರು.

ಒಂದು ಎಚ್ಚರಿಕೆ: ಕುದುರೆಗೆ ಆಸರೆಯಾಗಿರೋ ಪಾನ್ ಮೇಲೂ ಕಣ್ಣಿಡಿ. ಈ ಆಟದಲ್ಲಿ ಬಿಳಿಯ f5 ಪಾನ್ ಇದ್ದಿದ್ದರಿಂದ ಕಪ್ಪಿಗೆ f5 ತಳ್ಳಿ e4ಗೆ ಹೊಡೆಯೋ ದಾರಿಯೇ ಇರಲಿಲ್ಲ. ಸ್ವೆಶ್ನಿಕೊವ್ ಸಿಸಿಲಿಯನ್‌ನಲ್ಲಿ ಬಿಳಿಗೆ ಅದೇ d5 ಹತ್ತನೇ ನಡೆಗೇ ಸಿಗುತ್ತೆ, ಆದ್ರೂ ಕಪ್ಪು ಆರಾಮಾಗಿ ಬದುಕುತ್ತೆ, ಯಾಕಂದ್ರೆ f5 ತಳ್ಳಿ e4ನ್ನೇ ಅಲುಗಾಡಿಸುತ್ತೆ, ಜೊತೆಗೆ ಎರಡೂ ಬಿಷಪ್ ಕೈಯಲ್ಲಿರುತ್ತೆ.

ಹಾಗಂತ ಪಾನ್ ಆಸರೆ ಬೇಕೇ ಬೇಕು ಅಂತೇನಿಲ್ಲ. 1985ರ ವಿಶ್ವ ಚಾಂಪಿಯನ್‌ಷಿಪ್‌ನ 16ನೇ ಆಟದಲ್ಲಿ ಕಾಸ್ಪರೋವ್ ಕಪ್ಪು ಕುದುರೆಯನ್ನು d3ಗೆ ತಂದು ಕೂರಿಸಿದಾಗ ಆಸರೆಯಾಗಿದ್ದದ್ದು ಮುಖ್ಯವಾಗಿ f5ನಲ್ಲಿದ್ದ ಬಿಷಪ್. c1, e1 ಎರಡೂ ಆ ಕುದುರೆಯ ಕೈಕೆಳಗೆ, ಹಾಗಾಗಿ ಕಾರ್ಪೊವ್ ಆನೆಗಳು ಉಸಿರಾಡೋಕೆ ಆಗಲಿಲ್ಲ. b4 ಪಾನ್ c3 ಮನೆಯನ್ನೂ ಕಿತ್ತುಕೊಂಡಿತು, ಬಿಳಿ ಕುದುರೆಗಳು b1, a4ನಲ್ಲಿ ಸಿಕ್ಕಿಕೊಂಡವು. ಕೊನೆಗೆ 34ನೇ ನಡೆಯಲ್ಲಿ ಆ ಕುದುರೆಯನ್ನು ತೆಗೆಯೋಕೆ ಕಾರ್ಪೊವ್ ರಾಣಿಯನ್ನೇ ಕಳೆದುಕೊಳ್ಳಬೇಕಾಯ್ತು. ಇದನ್ನು ನಕಲು ಮಾಡೋಕೆ ಹೋಗೋದು ಮಾತ್ರ ಬೇಡ. ಆ ಬಿಷಪ್ ಬದಲಾಗಿ ಹೋದ ದಿನ ಕುದುರೆ ಒಂಟಿ.

ನಿಮ್ಮ e5 ವಿಷಯಕ್ಕೆ ಬಂದ್ರೆ, ಎದುರಾಳಿಯ ಪಾನ್‌ಗಳು d5, e6ನಲ್ಲಿದ್ದು ಅವನು f6 ತಳ್ಳಿದ ಅಂದ್ರೆ ಬೇಜಾರು ಬೇಡ. ಈಗ e6 ಪಾನನ್ನು ಕಾಯೋಕೆ ಬೇರೆ ಪಾನ್ ಇಲ್ಲ. ಕುದುರೆಯನ್ನು d3ಗೆ ಇಳಿಸಿ, ಅಲ್ಲಿಂದ f4ಗೆ ಅಥವಾ c5ಗೆ ಹೋದ್ರೆ e6ಗೇ ನೇರ ಗುರಿ. ಆನೆಯನ್ನು e1ಗೆ ತನ್ನಿ.