ಒಂದೇ ಹುಲ್ಲು, ಒಂದೇ ನಿಡೊರಾನ್

"ಗೋಣಿಕೊಪ್ಪದಿಂದ ರಜೆಗೆ ಬಂದ ಅಕ್ಕನ ಮಗ ಹಳೇ ಗೇಮ್ ಬಾಯ್ ಕಲರ್‌ನಲ್ಲಿ ಪೊಕೆಮಾನ್ ರೆಡ್ ಆಡುತ್ತಾನೆ. ಆಫ್ ಮಾಡಿ ಆನ್ ಮಾಡಿ, ಹೆಜ್ಜೆ ಎಣಿಸಿ ನಡೆದರೆ ಅದೇ ಪ್ರಾಣಿ, ಅದೇ ಜಾಗದಲ್ಲಿ! ಆಟಕ್ಕೆ ಅದೃಷ್ಟವೇ ಇಲ್ಲವೇ? ಆದರೆ ಹತ್ತರಲ್ಲಿ ಎರಡು ಸಲ ತಪ್ಪುತ್ತದಲ್ಲ, ಅದು ಯಾಕೆ? ಇದು ಮೋಸ ಅಲ್ಲವಾ?"
– ಓದುಗರೊಬ್ಬರು, ವಿರಾಜಪೇಟೆ

ಮೋಸ ಅಲ್ಲ. ಹುಡುಗ ಒತ್ತಿದ್ದು ಬಟನ್ ಮಾತ್ರ, ಕಾರ್ಟ್ರಿಜ್ ಬಿಚ್ಚಿಲ್ಲ. ಸ್ಪೀಡ್‌ರನ್ ಆಡುವವರು, ಅಂದರೆ ಆಟವನ್ನು ಆದಷ್ಟು ಬೇಗ ಮುಗಿಸಲು ಓಡುವವರು, ಇದನ್ನು 'ಮ್ಯಾನಿಪ್' ಅನ್ನುತ್ತಾರೆ. ಅವನು ಹಿಡಿಯುತ್ತಿರುವುದು ಆಟದೊಳಗಿನ ರೂಟ್ 22 ಎಂಬ ದಾರಿಯಲ್ಲಿ ಸಿಗುವ ಗಂಡು ನಿಡೊರಾನ್ ಎಂಬ ಪ್ರಾಣಿ ಇರಬೇಕು. ಓಟಗಾರರಿಗೆ ಅದರ ಮೇಲೇ ಕಣ್ಣು. ಮೂನ್ ಸ್ಟೋನ್ ಎಂಬ ಕಲ್ಲು ಸಿಕ್ಕಿದರೆ ಅದು ಬೇಗನೆ ನಿಡೊಕಿಂಗ್ ಎಂಬ ಬಲವಾದ ರೂಪಕ್ಕೆ ಬೆಳೆಯುತ್ತದೆ. ಅದಕ್ಕೆ ಹಾರ್ನ್ ಡ್ರಿಲ್ ಎಂಬ ಏಟು ಕಲಿಸಿ, ಕಾಳಗದಲ್ಲಿ ಗುರಿ ತಪ್ಪದಂತೆ ಮಾಡುವ ಎಕ್ಸ್ ಆ್ಯಕ್ಯುರಸಿ ಕೊಟ್ಟರೆ ಎದುರಾಳಿ ಒಂದೇ ಏಟಿಗೆ ಮಲಗುತ್ತದೆ. ಆದರೆ ನಿಡೊಕಿಂಗ್ ಎದುರಾಳಿಗಿಂತ ನಿಧಾನವಾಗಿದ್ದರೆ ಆ ಡ್ರಿಲ್ ತಾಗುವುದೇ ಇಲ್ಲ. ಹಾಗಾಗಿ ಹುಟ್ಟಿನಿಂದಲೇ ವೇಗವಿರುವ ನಿಡೊರಾನೇ ಬೇಕು.

ಹುಟ್ಟುಗುಣಕ್ಕೆ 0ಯಿಂದ 15ರ ತನಕ ಅಂಕ. ದಾಳಿಗೆ 15, ಸ್ಪೆಷಲ್‌ಗೆ 15, ವೇಗಕ್ಕೆ 14 ಅಥವಾ 15 ಬೇಕೆಂದು ಹಟ ಹಿಡಿದರೆ ಅದೃಷ್ಟದ ಲೆಕ್ಕದಲ್ಲಿ 2048ಕ್ಕೆ ಒಂದು. ಅದರ ಮೇಲೆ, ಪೂರ್ತಿ ಜೀವ ಇರುವ ನಿಡೊರಾನ್‌ಗೆ ಹಿಡಿಯುವ ಸಾದಾ ಚೆಂಡು ಎಸೆದರೆ ಸಿಗುವುದು ಸುಮಾರು ಮೂರಕ್ಕೆ ಒಂದು ಸಲ. ಮಳೆಗಾಲ ಪೂರ್ತಿ ಮನೆಯೊಳಗೆ ಕೂತರೂ ಅಂಥದ್ದು ಸಿಗುವ ಭರವಸೆಯಿಲ್ಲ.

ಇನ್ನು ಯಂತ್ರದ ಹೊಟ್ಟೆಯೊಳಗೆ ನೋಡೋಣ. ಗೇಮ್ ಬಾಯ್‌ನಲ್ಲಿ DIV ಎಂಬ ಎಣಿಕೆ ಇದೆ. ಸೆಕೆಂಡಿಗೆ 16,384 ಸಲ ಏರುತ್ತದೆ, 255 ದಾಟಿದರೆ ಮತ್ತೆ ಸೊನ್ನೆ. ಕಾಫಿ ಪಲ್ಪರ್‌ನ ಚಕ್ರದ ಹಾಗೆ, ನಿಲ್ಲುವುದಿಲ್ಲ. ಆಟ ಪ್ರತಿ ಫ್ರೇಮಿಗೂ, ಅಂದರೆ ಪರದೆಯ ಚಿತ್ರ ಒಂದು ಸಲ ಬದಲಾಗುವಷ್ಟರಲ್ಲಿ, ಈ ಚಕ್ರವನ್ನು ಇಣುಕಿ, ಕಂಡ ಅಂಕಿಯನ್ನು ಒಂದು ಪೆಟ್ಟಿಗೆಗೆ ಕೂಡುತ್ತದೆ, ಇನ್ನೊಂದರಿಂದ ಕಳೆಯುತ್ತದೆ. ರೂಟ್ 22ರ ಹುಲ್ಲಿನಲ್ಲಿ ಹೆಜ್ಜೆ ಇಟ್ಟಾಗ ಕೂಡಿದ ಪೆಟ್ಟಿಗೆಯಲ್ಲಿ 25ಕ್ಕಿಂತ ಕಡಿಮೆ ಇದ್ದರೆ ಪ್ರಾಣಿ ಎದುರಾಗುತ್ತದೆ. ಯಾವ ಪ್ರಾಣಿ ಅನ್ನುವುದನ್ನು ಕಳೆದ ಪೆಟ್ಟಿಗೆ ತೀರ್ಮಾನಿಸುತ್ತದೆ. ಅಷ್ಟೇ, ಅದೃಷ್ಟದ ಹೆಸರಿನಲ್ಲಿ ಇರುವುದು ಈ ಎರಡು ಪೆಟ್ಟಿಗೆ.

ಆಫ್ ಮಾಡಿ ಆನ್ ಮಾಡಿದಾಗ ಚಕ್ರವೂ ಪೆಟ್ಟಿಗೆಗಳೂ ಪ್ರತಿ ಸಲ ಒಂದೇ ಸ್ಥಿತಿಯಿಂದ ಹೊರಡುತ್ತವೆ. ಆಮೇಲೆ ಬದಲಾಗಬಹುದಾದದ್ದು ನಮ್ಮ ಕೈ ಮಾತ್ರ. ಒಂದು ಫ್ರೇಮ್ ತಡವಾದರೆ ಚಕ್ರ ಒಂದು ಪೂರ್ತಿ ಸುತ್ತು ಹಾಕಿ ಇನ್ನೂ ಹದಿನೆಂಟು ಹಲ್ಲು ಮುಂದೆ ಹೋಗಿರುತ್ತದೆ, ಪೆಟ್ಟಿಗೆಗೆ ಒಂದು ಕೂಡಿಕೆ ಜಾಸ್ತಿ ಬಿದ್ದಿರುತ್ತದೆ. 12 ಇರಬೇಕಾದ ಕಡೆ 140 ಬಂದರೆ ಹುಲ್ಲು ಖಾಲಿ. ಸೆಕೆಂಡಿನ ಅರುವತ್ತನೇ ಒಂದು ಭಾಗವನ್ನು ಯಾವ ಬೆರಳು ಹಿಡಿದೀತು? ಹಾಗಾಗಿ ಹುಡುಗರು ಹಿಡಿಯುವುದೇ ಇಲ್ಲ. ಪರದೆ ಕಪ್ಪಾಗುವಾಗಲೇ ಬಟನ್ ಒತ್ತಿಟ್ಟುಕೊಂಡಿರುತ್ತಾರೆ, ಆಟ ಕಣ್ಣು ಬಿಟ್ಟ ಮೊದಲ ಕ್ಷಣಕ್ಕೇ ಅದನ್ನು ಓದುತ್ತದೆ. ನಡೆಯುವಾಗಲೂ ಹಾಗೇ: ಬಾಣದ ಬಟನ್ ಬಿಡದೆ ಹಿಡಿದರೆ ಹೆಜ್ಜೆ ಹೆಜ್ಜೆಗೂ ಆಟವೇ ತಾಳ ಹಾಕುತ್ತದೆ. ಗೊತ್ತುಮಾಡಿದ ಚೌಕದಲ್ಲಿ A ಒತ್ತಿ ಒಂದೆರಡು ಫ್ರೇಮ್ ತಡ ಮಾಡಿ ಬೇಕಾದ ಅಂಕಿಗೆ ಹೊಂದಿಸುತ್ತಾರೆ. ದಾರಿಯನ್ನು ಹುಡುಕುವವರು ಕಂಪ್ಯೂಟರಿನಲ್ಲಿ ಸಾವಿರಾರು ನಡಿಗೆ ಓಡಿಸಿ ನೋಡುತ್ತಾರೆ.

ಹತ್ತರಲ್ಲಿ ಎರಡು ತಪ್ಪುವುದಕ್ಕೆ ಎರಡು ಕಾರಣ ಇರಬಹುದು. ಸೇವ್ ಮಾಡಿದಾಗ ಆಟದ ಗಡಿಯಾರದಲ್ಲಿ 0ಯಿಂದ 59ರ ತನಕ ಯಾವ ಫ್ರೇಮ್ ಇತ್ತೋ ಅದೂ ಸೇವ್ ಆಗುತ್ತದೆ. 59 ಮುಗಿದು ಸೆಕೆಂಡ್ ಏರುವಾಗ ಆಟಕ್ಕೆ ಒಂದಿಷ್ಟು ಹೆಚ್ಚಿನ ಕೆಲಸ. ಅಷ್ಟರಲ್ಲಿ ಚಕ್ರ ಒಂದು ಹಲ್ಲು ಸರಿದರೂ ಲೆಕ್ಕ ಕೆಡುತ್ತದೆ. ಅದಕ್ಕೇ ಮ್ಯಾನಿಪ್‌ಗೆ ಅಂಕ ಕೊಡುವುದು 60ಕ್ಕೆ. 60ರಲ್ಲಿ 57 ಅಂದರೆ, ಉಳಿದ ಮೂರು ಫ್ರೇಮ್‌ಗಳಲ್ಲಿ ಸೇವ್ ಮಾಡಿದವನಿಗೆ ಎಷ್ಟೇ ಚೊಕ್ಕ ಕೈಯಿದ್ದರೂ ಸಿಗುವುದಿಲ್ಲ. ಎರಡನೆಯದು ಕೈಯ ತಪ್ಪು. ಯಾವುದೆಂದು ತಿಳಿಯಲು ಅದೇ ಸೇವ್‌ನಿಂದ ಮೂರು ಸಲ ಆಡಲಿ. ಮೂರೂ ಸಲ ಒಂದೇ ರೀತಿ ತಪ್ಪಿದರೆ ದೋಷ ಸೇವ್‌ನದು, ಹೊಸದಾಗಿ ಸೇವ್ ಮಾಡಬೇಕು. ಒಂದೊಂದು ಸಲ ಒಂದೊಂದು ಥರ ತಪ್ಪಿದರೆ ಬೆರಳಿನದು.

ನಾನೂ ಒಂದು ಸಂಜೆ ಕೂತು ನೋಡಿದೆ, ಎಲ್ಲ ಸಲವೂ ತಪ್ಪಿತು. ಆನ್ ಮಾಡುವಾಗ ಹೆಬ್ಬೆರಳು ಬಾಣದ ಮೇಲೇ ಇತ್ತು! ಕಲರ್‌ನಲ್ಲಿ ಹಾಗೆ ಒತ್ತಿದರೆ ಪರದೆಯ ಬಣ್ಣ ಬದಲಾಗುತ್ತದೆ, ಜೊತೆಗೆ ಶುರುವಾಗುವ ಹೊತ್ತೂ. ಬೇರೆ ಮಾದರಿಯ ಗೇಮ್ ಬಾಯ್ ಆದರೆ ದಾರಿಯನ್ನೇ ಬದಲಿಸಬೇಕಾಗಬಹುದು.

ಹಿಡಿದ ಮೇಲೆ ಒಳ್ಳೆಯದೇ ಅಂತ ಪರದೆಯಲ್ಲಿ ಕಾಣುವ ಅಂಕ ನೋಡಿ ಹೇಳಲಾಗದು. 4ನೇ ಲೆವೆಲ್‌ನಲ್ಲಿ ಹುಟ್ಟುಗುಣ 15 ಇದ್ದರೂ ದಾಳಿ 10, ಬರೀ 6 ಇದ್ದರೂ 10. ಲೆವೆಲ್ ಏರಿದ ಮೇಲಷ್ಟೇ ಬಣ್ಣ ಬಯಲಾಗುವುದು. ಅಲ್ಲಿಯ ತನಕ ಹುಡುಗ ನಂಬುವುದು ಒಂದನ್ನೇ: ಬರಬೇಕಾದ ಚೌಕದಲ್ಲೇ ಬಂತೋ, ಒಂದು ಹೆಜ್ಜೆ ಆಚೆಯೋ.